‘ಪಾಠವಾ’ ಅಂದರೆ ತಪ್ಪೇನು?

ಪುಣೆಗೆ ಬಂದ ಮೊದಲ ವಾರ. ಮನೆ ಹತ್ತಿರದ ಕಿರಾಣಿ ಅಂಗಡಿಯಲ್ಲಿ ನಿಂತು, ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದ ವಾಕ್ಯವನ್ನು ಒಪ್ಪಿಸಿದೆ: ‘ಕೃಪಯಾ ಏಕ ಕಿಲೋ ಸಾಖರ ದ್ಯಾ.’ ಅಂಗಡಿಯವರು ಸಕ್ಕರೆ ತೂಗಿ ಕೊಟ್ಟರು. ಆದರೆ ತೂಗುವಾಗ ಒಳಗಿದ್ದ ಹುಡುಗನ ಕಡೆ ತಿರುಗಿ ನಕ್ಕದ್ದು ನನ್ನ ಕಣ್ಣಿಗೆ ಬಿತ್ತು. ಉಚ್ಚಾರ ತಪ್ಪಿರಬೇಕು ಅಂದುಕೊಂಡು ಬಂದೆ. ತಪ್ಪು ಉಚ್ಚಾರದ್ದಲ್ಲ, ‘ಕೃಪಯಾ’ ಎಂಬ ಪದದ್ದು ಎಂದು ಗೊತ್ತಾಗಲು ತಿಂಗಳುಗಳೇ ಬೇಕಾದವು.

ನಮ್ಮಲ್ಲೇ ನೋಡಿ. ಶಿವಮೊಗ್ಗದ ಅಂಗಡಿಯಲ್ಲಿ ಯಾರಾದರೂ ‘ದಯವಿಟ್ಟು ಒಂದು ಕೆಜಿ ಸಕ್ಕರೆ ಕೊಡಿ’ ಅಂದರೆ ಅಂಗಡಿಯವರು ಕತ್ತೆತ್ತಿ ನೋಡುತ್ತಾರೆ. ‘ದಯವಿಟ್ಟು’ ಬೋರ್ಡಿನ ಮಾತು, ಮೈಕಿನ ಮಾತು. ದಯವಿಟ್ಟು ಚಪ್ಪಲಿ ಹೊರಗೆ ಬಿಡಿ, ದಯವಿಟ್ಟು ಸಾಲಿನಲ್ಲಿ ಬನ್ನಿ. ಬಾಯಿಮಾತಿನಲ್ಲಿ ಅದು ಬಂದರೆ ಒಂದೋ ಜಗಳದ ಕೊನೆ, ಇಲ್ಲವೋ ಅಂಗಲಾಚುವ ಹೊತ್ತು. ಮರಾಠಿಯ ‘ಕೃಪಯಾ’ ಕೂಡ ಹಾಗೆಯೇ. ಸಭ್ಯತೆ ಎಂದರೆ ಮುಂದೆ ಒಂದು ‘ಪ್ಲೀಸ್’ ಹಚ್ಚುವುದು ಎಂದು ಇಂಗ್ಲಿಷಿನಿಂದ ಕಲಿತು, ಅದನ್ನೇ ಎಲ್ಲ ಭಾಷೆಗಳಲ್ಲೂ ಹುಡುಕುತ್ತೇವೆ. ನಮ್ಮ ಭಾಷೆಗಳಲ್ಲಿ ಅದು ಇರುವುದು ವಾಕ್ಯದ ಆ ತುದಿಯಲ್ಲಿ, ಕ್ರಿಯಾಪದದ ಬಾಲದಲ್ಲಿ.

ಅಂಗಡಿಯಲ್ಲಿ ನಕ್ಕು ಬಿಟ್ಟರು, ಸರಿ. ಆಫೀಸಿನಲ್ಲಿ ಹಾಗಾಗಲಿಲ್ಲ.

ನಾನು ಕೆಲಸ ಮಾಡುವುದು ಬಿಡಿಭಾಗ ತಯಾರಿಸುವ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ. ಸೇರಿ ನಾಲ್ಕು ತಿಂಗಳಾಗಿತ್ತು. ಸೋಮವಾರ ಗ್ರಾಹಕ ಕಂಪನಿಯವರ ಆಡಿಟ್, ಇವತ್ತು ಶುಕ್ರವಾರ. ಒಂದು ಲಾಟ್ ಉಕ್ಕಿನ ಸರಳುಗಳ ತಪಾಸಣೆ ರಿಪೋರ್ಟ್ ಸ್ಟೋರ್ಸ್‌ನ ಕಡತದಲ್ಲಿತ್ತು. ಸ್ಟೋರ್ಸ್ ನೋಡಿಕೊಳ್ಳುವವರು ನಿವೃತ್ತಿಗೆ ಮೂರ್ನಾಲ್ಕು ವರ್ಷ ಉಳಿದಿದ್ದ ಹಿರಿಯರು, ಎಲ್ಲರಿಗೂ ‘ಕಾಕಾ’. ನಾನು ಬಾಗಿಲಲ್ಲಿ ನಿಂತು, ನನ್ನ ಮಟ್ಟಿಗೆ ಪೂರ್ತಿ ಗೌರವ ಕೊಟ್ಟೇ ಹೇಳಿದೆ: ‘ಕಾಕಾ, ತೋ ರಿಪೋರ್ಟ್ ಪಾಠವಾ. ಆಜ ಪಾಹಿಜೇ.’ ಅವರು ಕನ್ನಡಕದ ಮೇಲಿಂದ ನೋಡಿ, ‘ಸಾಹೇಬ ಕಧೀಪಾಸೂನ ಝಾಲಾತ?’ ಅಂದರು. ಸಾಹೇಬರಾದದ್ದು ಯಾವಾಗಿಂದ? ರಿಪೋರ್ಟ್ ಅವತ್ತು ಬರಲಿಲ್ಲ. ಮರುದಿನ ಮಧ್ಯಾಹ್ನ, ಮೂರು ಸಲ ಫೋನ್ ಮಾಡಿದ ಮೇಲೆ ಬಂತು.

ನನಗೆ ಸಿಟ್ಟು ಬಂದಿತ್ತು. ‘ಪಾಠವ’ ಅಂದಿದ್ದರೆ ಏಕವಚನ, ಬಯ್ಯಲಿ. ನಾನು ಅಂದದ್ದು ‘ಪಾಠವಾ’, ಅಂದರೆ ‘ಕಳಿಸಿ’. ಬಹುವಚನ, ಮರ್ಯಾದೆಯ ರೂಪ. ಪುಣೆಯವರೇ ಹೀಗೆ, ಮೊನಚು ಮಾತು, ಹೊರಗಿನವರನ್ನು ಕಂಡರೆ ಆಗುವುದಿಲ್ಲ ಎಂದು ರೂಮಿನಲ್ಲಿ ಕೂತು ಗೊಣಗಿದೆ. ನನ್ನ ರೂಮಿನಲ್ಲಿದ್ದ ಗೆಳೆಯ ಬೆಳಗಾವಿಯವನು, ಎರಡೂ ಭಾಷೆ ಮನೆಮಾತಿನಷ್ಟೇ ಸಲೀಸು. ಅವನು ಪೂರ್ತಿ ಕೇಳಿ ಹೇಳಿದ: ‘ನೀ ಅಂದಿದ್ದು ತಪ್ಪೇನಲ್ಲೋ ಮಾರಾಯ. ಆದ್ರ ಅದು ಸಾಹೇಬ್ರು ಅನ್ನೋ ಮಾತು. ಅವ್ರೇನು ನಿನ್ನ ಕೈಕೆಳಗ ಅದಾರೇನು? ಪಾಠವಾಲ ಕಾ ಅನ್ಬೇಕಿತ್ತು.’

‘ಪಾಠವಾಲ ಕಾ?’ ಕಳಿಸುವಿರಾ? ಇಡೀ ವ್ಯತ್ಯಾಸ ಆ ‘ಲ ಕಾ’ದಲ್ಲಿದೆ. ಹೊರನಾಡಿನಲ್ಲಿರುವ ನಾವು ಎಡವುವುದು ಇಲ್ಲೇ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಏಕವಚನದಿಂದ ಬಹುವಚನಕ್ಕೆ ಏರಿದರೆ ಸಭ್ಯತೆಯ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ‘ಕೊಡು’ ಒರಟು, ‘ಕೊಡಿ’ ಸಭ್ಯ. ‘ದೇ’ ಒರಟು, ‘ದ್ಯಾ’ ಸಭ್ಯ. ಆದರೆ ಬಹುವಚನ ಹೇಳುವುದು ಎದುರಿನವರು ಯಾರು ಎಂಬುದನ್ನು ಮಾತ್ರ. ಮಾಡುವುದೋ ಬಿಡುವುದೋ ಅವರ ಇಷ್ಟವೇ ಎಂಬುದನ್ನು ಅದು ಹೇಳುವುದಿಲ್ಲ. ‘ಕಳಿಸಿ’ ಎಂಬುದು ಗೌರವದಿಂದ ಕೊಟ್ಟ ಆಜ್ಞೆ, ಆದರೂ ಆಜ್ಞೆಯೇ. ‘ಕಳಿಸ್ತೀರಾ?’ ಅಂದಾಗ ಮಾತ್ರ ಇಲ್ಲ ಅನ್ನುವ ಬಾಗಿಲು ತೆರೆದಿರುತ್ತದೆ.

ಅದಕ್ಕೇ ಅಂಗಡಿಯಲ್ಲಿ ‘ದ್ಯಾ’ ಸಾಕು. ಸಕ್ಕರೆ ಕೊಡುವುದು ಅಂಗಡಿಯವರ ಕೆಲಸ, ದುಡ್ಡು ಕೊಡುವುದು ನನ್ನ ಕೆಲಸ, ಇದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡುತ್ತಿಲ್ಲ. ದೀಪಾವಳಿ ಹಿಂದಿನ ದಿನ ಮಿಠಾಯಿ ಅಂಗಡಿಯ ನೂಕುನುಗ್ಗಲಿನಲ್ಲಿ ನಿಂತು ‘ಅರ್ಧಾ ಕಿಲೋ ಬಾಕರವಡೀ ದ್ಯಾಲ ಕಾ?’ ಎಂದು ಕೇಳಿ ನೋಡಿ. ಕೊಡದೆ ಏನು ಮಾಡುತ್ತಾರೆ? ಹಿಂದೆ ನಿಂತವರಿಗೆ ಸಿಟ್ಟು ಬರುತ್ತದೆ, ಅಷ್ಟೇ. ಅಲ್ಲಿ ಮೆತ್ತಗಾಗಬೇಕಾದರೆ ಅದಕ್ಕೆ ಬೇರೆ ದಾರಿಯಿದೆ, ಸಂಬಂಧದ ಪದ. ‘ದಾದಾ, ಅರ್ಧಾ ಕಿಲೋ ದ್ಯಾ.’ ಸೊಪ್ಪು ಮಾರುವ ಹೆಂಗಸಿಗೆ ‘ಮಾವಶೀ, ಏಕ ಜುಡೀ ಮೇಥೀ ದ್ಯಾ.’ ನಮ್ಮ ‘ಅಣ್ಣಾ, ಒಂದು ಕಟ್ಟು ಕೊಡಿ’ ಮಾಡುವ ಕೆಲಸವನ್ನೇ ಇಲ್ಲಿ ‘ದಾದಾ’, ‘ಮಾವಶೀ’, ‘ಕಾಕೂ’ ಮಾಡುತ್ತವೆ. ಹೊಸದಾಗಿ ಬಂದವರು ಕ್ರಿಯಾಪದದ ರೂಪಗಳನ್ನು ಕಲಿಯುವ ಮೊದಲು ಈ ನಾಲ್ಕು ಪದ ಕಲಿತರೆ ಮಾರುಕಟ್ಟೆ ದಾಟಬಹುದು.

ಆಟೋ ಹತ್ತಿರ ಹೋದರೆ ಕಥೆ ಬೇರೆ. ‘ಕಾತ್ರಜಲಾ ಯೇಣಾರ ಕಾ?’ ಕಾತ್ರಜಕ್ಕೆ ಬರ್ತೀರಾ? ಇಲ್ಲಿ ಯಾರೂ ‘ಕಾತ್ರಜಲಾ ಚಲಾ’ ಎಂದು ಶುರು ಮಾಡುವುದಿಲ್ಲ, ಏಕೆಂದರೆ ಬರುವುದಿಲ್ಲ ಅನ್ನುವ ಸಾಧ್ಯತೆ ನಿಜವಾಗಿಯೂ ಇದೆ. (ಕಾನೂನಿನ ಮಾತು ಬೇರೆ, ರಸ್ತೆಯ ಮಾತು ಬೇರೆ.) ಒಪ್ಪಿ ಹತ್ತಿಸಿಕೊಂಡ ಮೇಲೆ ಅದೇ ಚಾಲಕನಿಗೆ ‘ದಾದಾ, ಇಥೇ ಥಾಂಬವಾ’ ಅನ್ನುತ್ತೇವೆ. ಇಲ್ಲೇ ನಿಲ್ಲಿಸಿ. ಒಂದೇ ಮನುಷ್ಯ, ಇಪ್ಪತ್ತು ನಿಮಿಷದ ಅಂತರ. ಮೊದಲು ಪ್ರಶ್ನೆ, ಆಮೇಲೆ ಆಜ್ಞೆ, ಎರಡೂ ಸರಿ. ಇಲ್ಲ ಅನ್ನುವ ಹಕ್ಕು ಮೊದಲು ಇತ್ತು, ಆಮೇಲೆ ಉಳಿಯಲಿಲ್ಲ. ಚಿಲ್ಲರೆ ಕೇಳುವುದನ್ನೂ ಗಮನಿಸಿ: ‘ಸುಟ್ಟೇ ಆಹೇತ ಕಾ?’ ಚಿಲ್ಲರೆ ಇದೆಯಾ? ಕೊಡಿ ಅನ್ನುವುದಿಲ್ಲ, ಇದೆಯೇ ಎಂದು ಕೇಳುತ್ತೇವೆ. ಇಲ್ಲ ಅನ್ನಬೇಕಾದವರಿಗೆ ಅದು ಸುಲಭ, ಕೇಳಿದವರಿಗೂ ಮುಖಭಂಗವಿಲ್ಲ.

ಈ ಲೆಕ್ಕದಲ್ಲಿ ನನ್ನ ಸ್ಟೋರ್ಸ್ ಪ್ರಸಂಗವನ್ನು ಮತ್ತೆ ನೋಡಿದರೆ, ಕಾಕಾ ನನ್ನ ಕೈಕೆಳಗಿನವರಲ್ಲ, ಅಂಗಡಿಯವರೂ ಅಲ್ಲ. ಕಡತ ತೆಗೆದು ಹುಡುಕುವುದು ಅವತ್ತಿನ ಅವರ ಕೆಲಸದ ಪಟ್ಟಿಯಲ್ಲಿರಲಿಲ್ಲ. ಎಂದರೆ ಅವರು ಆಟೋದವರ ಸ್ಥಾನದಲ್ಲಿದ್ದರು, ನಾನು ಅವರನ್ನು ಮಿಠಾಯಿ ಅಂಗಡಿಯವರಂತೆ ಮಾತಾಡಿಸಿದೆ. ಅದರ ಮೇಲೆ ‘ಆಜ ಪಾಹಿಜೇ’ ಬೇರೆ.

ಆ ‘ಪಾಹಿಜೇ’ ಬಗ್ಗೆ ಸ್ವಲ್ಪ ಹೇಳಬೇಕು. ಕನ್ನಡದಲ್ಲಿ ‘ಬೇಕು’ ಬಹಳ ಸಾಧು ಪದ. ‘ಎರಡು ಕೊಬ್ಬರಿ ಬೇಕು’ ಅಂದರೆ ‘ಕೊಡಿ’ ಅನ್ನುವುದಕ್ಕಿಂತ ಮೆತ್ತಗೆ, ಏಕೆಂದರೆ ನಾನು ಹೇಳುತ್ತಿರುವುದು ನನ್ನ ಅಗತ್ಯ, ನಿಮ್ಮ ಕೆಲಸವನ್ನಲ್ಲ. ಅಂಗಡಿಯಲ್ಲಿ ಮರಾಠಿಯ ‘ಪಾಹಿಜೇ’ ಕೂಡ ಹಾಗೆಯೇ ನಡೆಯುತ್ತದೆ. ಆದರೆ ‘ಇವತ್ತೇ’ ಎಂದು ಗಡುವು ಸೇರಿಸಿ ಸಹೋದ್ಯೋಗಿಗೆ ಹೇಳಿದರೆ ಅದು ಬೇಡಿಕೆಯಾಗುತ್ತದೆ. ಕನ್ನಡದಲ್ಲೂ ಆಗುತ್ತದೆ, ನಿಜ ಹೇಳಬೇಕೆಂದರೆ. ‘ಇವತ್ತು ಬೇಕು’ ಎಂದು ಹಿರಿಯರಿಗೆ ಊರಲ್ಲಾಗಿದ್ದರೆ ನಾನು ಅನ್ನುತ್ತಿದ್ದೆನೇ? ‘ಇವತ್ತು ಬೇಕಿತ್ತು ಸಾರ್’ ಅನ್ನುತ್ತಿದ್ದೆ. ಬೇಕಿರುವುದು ಈಗಲೇ, ಆದರೂ ಭೂತಕಾಲ! ಬೇಕು ಅನ್ನುವುದನ್ನು ಒಂದು ಹೆಜ್ಜೆ ಹಿಂದೆ ಇಟ್ಟು ಹೇಳುವ ಈ ಉಪಾಯ ಮರಾಠಿಯಲ್ಲೂ ತದ್ರೂಪ ಇದೆ. ಮಳೆಗಾಲದ ಮೊದಲ ದಿನ ಅಂಗಡಿಗೆ ಹೋಗಿ ‘ಏಕ ಛತ್ರೀ ಹವೀ ಹೋತೀ’ ಅನ್ನಿ. ಒಂದು ಛತ್ರಿ ಬೇಕಿತ್ತು. ಯಾರೂ ‘ಯಾವಾಗ ಬೇಕಿತ್ತು?’ ಎಂದು ಕೇಳುವುದಿಲ್ಲ.

ವಿಚಿತ್ರವೆಂದರೆ ಇವೆಲ್ಲ ನನಗೆ ಕನ್ನಡದಲ್ಲಿ ಗೊತ್ತಿದ್ದವೇ. ‘ಸ್ವಲ್ಪ’ ಸೇರಿಸುವುದು ಗೊತ್ತಿತ್ತು, ‘ಕಳಿಸ್ತೀರಾ’ ಗೊತ್ತಿತ್ತು, ‘ಬೇಕಿತ್ತು’ ಗೊತ್ತಿತ್ತು. ಬೇರೆ ಭಾಷೆ ಕಲಿಯುವಾಗ ಮೊದಲು ಕೈಗೆ ಸಿಗುವುದು ಅತಿ ಚಿಕ್ಕ ರೂಪ. ಅದರಲ್ಲೇ ಕೆಲಸ ಸಾಗುತ್ತದೆ, ಹಾಗಾಗಿ ಅಲ್ಲೇ ನಿಂತುಬಿಡುತ್ತೇವೆ. ಎರಡು ವರ್ಷದ ಮೇಲೆ ನಮ್ಮ ಮರಾಠಿ ಸಾಕಷ್ಟು ಚೆನ್ನಾಗಿ ಇರುತ್ತದೆ. ಅಪಾಯ ಶುರುವಾಗುವುದೇ ಆಗ. ತೊದಲುವವನು ‘ಪಾಠವಾ’ ಅಂದರೆ ಪಾಪ, ಭಾಷೆ ಬರುವುದಿಲ್ಲ ಅನ್ನುತ್ತಾರೆ. ಸಲೀಸಾಗಿ ಮಾತಾಡುವವನು ಅಂದರೆ ಸೊಕ್ಕು ಅನ್ನುತ್ತಾರೆ.

ಅದೇ ರಿಪೋರ್ಟನ್ನು ಇವತ್ತು ಕೇಳಬೇಕಾದರೆ ಹೇಗೆ ಕೇಳುತ್ತೇನೆ? ಅದು ಯಾರನ್ನು ಕೇಳುತ್ತೇನೆ ಎಂಬುದರ ಮೇಲೆ. ನನ್ನ ಜತೆಯ ಹುಡುಗನಿಗಾದರೆ ‘ಅರೇ, ಜರಾ ರಿಪೋರ್ಟ್ ಪಾಠವ ನಾ’, ಏಕವಚನವೇ. ಆ ‘ಜರಾ’ ನಮ್ಮ ‘ಸ್ವಲ್ಪ’, ಆ ‘ನಾ’ ನಮ್ಮ ‘ಕಳಿಸೋ ಮಾರಾಯ’ದ ರಾಗ. ಬಹುವಚನಕ್ಕಿಂತ ಇದೇ ಅಲ್ಲಿ ಹೆಚ್ಚು ಮೆತ್ತಗೆ. ಕಾಕಾರಿಗಾದರೆ ‘ಕಾಕಾ, ಜರಾ ತೋ ರಿಪೋರ್ಟ್ ಪಾಠವಾಲ ಕಾ?’ ಅವರು ಕೆಲಸದ ಒತ್ತಡದಲ್ಲಿದ್ದಾರೆ ಅನ್ನಿಸಿದರೆ ಮನುಷ್ಯನನ್ನೇ ವಾಕ್ಯದಿಂದ ತೆಗೆದುಬಿಡುತ್ತೇನೆ: ‘ದುಪಾರಪರ್ಯಂತ ರಿಪೋರ್ಟ್ ಮಿಳೇಲ ಕಾ?’ ಮಧ್ಯಾಹ್ನದೊಳಗೆ ರಿಪೋರ್ಟ್ ಸಿಗುತ್ತಾ? ಯಾರು ಕೊಡಬೇಕು ಎಂಬುದೇ ಇಲ್ಲ, ರಿಪೋರ್ಟ್ ತಾನಾಗಿ ಸಿಗಬೇಕಾದ ವಸ್ತು. ಆದರೂ ಗಡುವು ಮಾತ್ರ ಸ್ಪಷ್ಟವಾಗಿ ನಿಂತಿದೆ. ಆಫೀಸಿಗೆ ಇದಕ್ಕಿಂತ ಒಳ್ಳೆಯ ವಾಕ್ಯ ನನಗೆ ಸಿಕ್ಕಿಲ್ಲ. ಕನ್ನಡದಲ್ಲೂ ‘ಕಳಿಸಿ’ಗಿಂತ ‘ಸಿಗುತ್ತಾ?’ ಎಷ್ಟು ಸಲ ಕೆಲಸ ಮಾಡಿಸಿದೆ ಎಂದು ನೀವೇ ನೆನಪಿಸಿಕೊಳ್ಳಿ.

ಬರೆದು ಕೇಳುವಾಗ ಮಾತ್ರ ಮರಾಠಿ ಇನ್ನೊಂದು ಅಂಗಿ ತೊಡುತ್ತದೆ. ‘ರಿಪೋರ್ಟ್ ಪಾಠವಾವಾ, ಹೀ ವಿನಂತೀ.’ ನಮ್ಮ ಅರ್ಜಿಗಳ ‘ಕಳುಹಿಸಿಕೊಡಬೇಕಾಗಿ ವಿನಂತಿ’ಯ ಸೋದರ. ಒಂದು ತೊಡಕೆಂದರೆ ಅದರ ಕೊನೆ ಕೇಳುವ ವಸ್ತುವಿನ ಲಿಂಗವನ್ನು ಹಿಡಿದು ಬದಲಾಗುತ್ತದೆ: ರಿಪೋರ್ಟ್ ಆದರೆ ‘ಪಾಠವಾವಾ’, ಫೈಲ್ ಆದರೆ ‘ಪಾಠವಾವೀ’, ರಜೆ ಕೇಳುವಾಗ ‘ರಜಾ ಮಂಜೂರ ಕರಾವೀ’. ವಸ್ತುಗಳಿಗೆಲ್ಲ ನಪುಂಸಕಲಿಂಗ ಕೊಟ್ಟು ನೆಮ್ಮದಿಯಾಗಿರುವ ಕನ್ನಡಿಗರಿಗೆ ಇದು ಕಷ್ಟ. ಹನ್ನೊಂದು ವರ್ಷವಾದರೂ ನಾನು ಅರ್ಜಿ ಬರೆದರೆ ಒಬ್ಬರಿಗೆ ತೋರಿಸಿಯೇ ಕಳಿಸುವುದು. ಪುಣೆಯ ಹೆಸರಾಂತ ‘ಪುಣೇರಿ ಪಾಟ್ಯಾ’ ಬೋರ್ಡುಗಳಲ್ಲೂ ಇದರ ನಿಷೇಧರೂಪ ಕಾಣುತ್ತದೆ: ‘ಗಾಡೀ ಲಾವೂ ನಯೇ’, ಗಾಡಿ ನಿಲ್ಲಿಸಬಾರದು. ಅದನ್ನು ಓದಿ ಕಲಿತು ಯಾರಿಗಾದರೂ ಬಾಯಲ್ಲಿ ‘ಲಾವೂ ನಯೇ’ ಅನ್ನಬೇಡಿ, ಬೋರ್ಡೇ ಎದ್ದು ಬಂದು ಮಾತಾಡಿದಂತಿರುತ್ತದೆ. ಎದುರಿಗೆ ‘ಲಾವೂ ನಕಾ’, ನಿಲ್ಲಿಸಬೇಡಿ.

ಬೇರೆ ಊರಿನವರು ಇದು ಮರಾಠಿಯ ಗೋಳು ಅಂದುಕೊಳ್ಳಬೇಕಿಲ್ಲ. ಚೆನ್ನೈಯಲ್ಲಿ ‘ಅನುಪ್ಪುಂಗ’ ನಮ್ಮ ‘ಕಳಿಸಿ’. ‘ಕೊಂಜಂ ಅನುಪ್ಪ ಮುಡಿಯುಮಾ?’ ಅಂದಾಗ ಕೋರಿಕೆ. ಹೈದರಾಬಾದಿನಲ್ಲಿ ‘ಪಂಪಂಡಿ’ ಒಂದು ಮೆಟ್ಟಿಲು, ‘ಕೊಂಚೆಂ ಪಂಪಿಸ್ತಾರಾ?’ ಅದರ ಮೇಲಿನದು. ಸ್ವಲ್ಪ, ಜರಾ, ಕೊಂಜಂ, ಕೊಂಚೆಂ: ಎಲ್ಲ ಕಡೆಯೂ ಕೇಳುವ ಭಾರವನ್ನು ಚಿಕ್ಕದು ಮಾಡಿ ತೋರಿಸುವುದು ಅದೇ ಸಣ್ಣ ಪದ. ದಿಲ್ಲಿಯಲ್ಲಿರುವವರ ಕಷ್ಟವೇ ದೊಡ್ಡದು. ನಮಗೆ ನೀನು, ನೀವು ಎರಡೇ. ಹಿಂದಿಯಲ್ಲಿ ತೂ, ತುಮ್, ಆಪ್ ಮೂರು. ನಮ್ಮವರು ‘ಕಳಿಸಿ’ ಅಂದುಕೊಂಡು ‘ಭೇಜೋ’ ಅನ್ನುತ್ತಾರೆ. ಅದು ಬೀಳುವುದು ನಡುವಿನ ‘ತುಮ್’ ಮೇಲೆ. ‘ಆಪ್ ಭೇಜೋ’ ಎಂದು ಅಲ್ಲೂ ಬಳಕೆಯಲ್ಲಿದೆ ನಿಜ, ಆದರೆ ಆಫೀಸಿನ ಹಿರಿಯರಿಗೆ ‘ಭೇಜ್ ದೀಜಿಯೇ’ ಬೇಕು, ಕೋರಿಕೆಯಾದರೆ ‘ಭೇಜ್ ದೇಂಗೇ?’

ಹಾಗಂತ ಎಲ್ಲದಕ್ಕೂ ಪ್ರಶ್ನೆ ಹಚ್ಚಿದರೆ ಗೆದ್ದೆವು ಅಂದುಕೊಂಡರೆ ಅಲ್ಲೂ ಗುಂಡಿಯಿದೆ. ‘ಸ್ವಲ್ಪ ಸುಮ್ಮನಿರ್ತೀರಾ?’ ಇದರಲ್ಲಿ ‘ಸ್ವಲ್ಪ’ ಇದೆ, ಬಹುವಚನ ಇದೆ, ಪ್ರಶ್ನೆ ಇದೆ, ಮೂರೂ ಸೇರಿ ಶುದ್ಧ ಬೈಗುಳ. ‘ಜರಾ ಗಪ್ಪ ಬಸಾಲ ಕಾ?’ ಅದೇ ಬೈಗುಳ ಮರಾಠಿಯಲ್ಲಿ. ‘ಜರಾ ಲವಕರ ಕರಾ’ ಎಂದರೆ ‘ಸ್ವಲ್ಪ ಬೇಗ ಮಾಡಿ’, ಅದೂ ಕುಟುಕುವ ಮಾತೇ. ಕೇಳುತ್ತಿರುವುದು ಉಪಕಾರವಲ್ಲ, ಎದುರಿನವರ ತಪ್ಪನ್ನು ಎತ್ತಿ ತೋರಿಸುವುದು ಎಂದಾದರೆ ಮೆತ್ತನೆಯ ರೂಪ ಇನ್ನೂ ಚುಚ್ಚುತ್ತದೆ.

ಇನ್ನು ಕೆಲವು ಹೊತ್ತಿನಲ್ಲಿ ಬರಿಯ ಆಜ್ಞೆಯೇ ಬೇಕು. ನಮ್ಮಲ್ಲಿ ಹೊಸ ಟ್ರೈನಿ ಒಬ್ಬ, ಬಹಳ ಸಭ್ಯ ಹುಡುಗ, ಪ್ರೆಸ್ ಹತ್ತಿರ ಒಬ್ಬರ ತೋಳಿನ ಅಂಗಿ ಜೋತಾಡುತ್ತಿದ್ದದ್ದನ್ನು ನೋಡಿ ‘ಕಾಕಾ, ಜರಾ ಮಷೀನ ಬಂದ ಕರಾಲ ಕಾ?’ ಎಂದು ಶುರು ಮಾಡಿದ. ವಾಕ್ಯ ಮುಗಿಯುವ ಮೊದಲೇ ಪಕ್ಕದವರು ‘ಬಂದ ಕರ!’ ಎಂದು ಕೂಗಿದರು. ಏಕವಚನ, ಎರಡೇ ಪದ. ಮಷೀನ್ ನಿಂತಿತು. ಯಾರಿಗೂ ಏನೂ ಅನ್ನಿಸಲಿಲ್ಲ, ವಯಸ್ಸಿನಲ್ಲಿ ಕೂಗಿದವರಿಗಿಂತ ದೊಡ್ಡವರಾದ ಅವರಿಗೂ.

ಮೇಲಿನವರ ಬಾಯಲ್ಲಿ ಬರುವ ಮೆತ್ತನೆ ಮಾತಿನ ಬಗ್ಗೆ ನನಗೊಂದು ತಕರಾರಿದೆ. ‘ಇವತ್ತು ರಿಪೋರ್ಟ್ ಮುಗಿಸಿಬಿಡೋಣ’ ಎಂದು ಮ್ಯಾನೇಜರ್ ಹೇಳಿ ಆರು ಗಂಟೆಗೆ ಮನೆಗೆ ಹೋಗುತ್ತಾರೆ. ಮರಾಠಿಯಲ್ಲಿ ‘ಆಪಣ ಸಂಪವೂನ ಟಾಕೂ’. ಈ ‘ಓಣ’ದಲ್ಲಿ ಅವರು ಎಷ್ಟಿದ್ದಾರೆ? ‘ನೀವು ಮುಗಿಸಿ’ ಎಂದು ನೇರ ಹೇಳಿದರೆ ‘ಇವತ್ತು ಆಗಲ್ಲ ಸಾರ್’ ಅನ್ನಬಹುದು. ‘ಮುಗಿಸೋಣ’ಕ್ಕೆ ಇಲ್ಲ ಅನ್ನುವುದು ಹೇಗೆ? ಕೆಳಗಿನವರು ಮೇಲಿನವರಿಗೆ ಪ್ರಶ್ನೆ ಹಾಕಿದರೆ ಬಾಗಿಲು ತೆರೆಯುತ್ತದೆ, ಮೇಲಿನವರು ‘ಮಾಡೋಣ’ ಅಂದರೆ ಬಾಗಿಲು ನಯವಾಗಿ ಮುಚ್ಚುತ್ತದೆ. ಈಗ ನನ್ನ ಕೈಕೆಳಗೂ ಆರು ಜನರಿದ್ದಾರೆ. ಅವರಿಗೆ ಕೆಲಸ ಹೇಳುವಾಗ ‘ಮಾಡೋಣ’ ಬಾಯಿಗೆ ಬಂದರೆ ನುಂಗಿಕೊಂಡು, ‘ಹೇ ಆಜ ಹೋಈಲ ಕಾ?’ ಇವತ್ತು ಇದು ಆಗುತ್ತಾ, ಎಂದು ಕೇಳುತ್ತೇನೆ. ಆಗುವುದಿಲ್ಲ ಅಂದವರೂ ಇದ್ದಾರೆ, ಕೇಳಿದ ಮೇಲೆ ಅದನ್ನು ಸಹಿಸಿಕೊಳ್ಳಬೇಕು.

ನಮ್ಮ ಹೊರನಾಡ ಸಂಘಗಳಲ್ಲಿ ಹೊಸಬರಿಗೆ ಸ್ಥಳೀಯ ಭಾಷೆ ಹೇಳಿಕೊಡುವ ಪ್ರಯತ್ನಗಳನ್ನು ನೋಡಿದ್ದೇನೆ. ಪಟ್ಟಿ ಶುರುವಾಗುವುದು ಬಾ, ಹೋಗು, ಕೊಡು, ತಗೋ, ನಿಲ್ಲು ಎಂಬ ಆಜ್ಞೆಗಳಿಂದ. ಬೆಂಗಳೂರಿಗೆ ಬರುವವರಿಗೆ ನಾವು ಕನ್ನಡ ಕಲಿಸುವ ಕ್ರಮವೂ ಹೆಚ್ಚುಕಮ್ಮಿ ಇದೇ, ಆಮೇಲೆ ಅವರ ಕನ್ನಡ ಒರಟು ಎಂದು ದೂರುವವರೂ ನಾವೇ. ‘ಇದೆಯಾ?’, ‘ಸಿಗುತ್ತಾ?’, ‘ಆಗುತ್ತಾ?’ ಈ ಮೂರು ಪ್ರಶ್ನೆಗಳನ್ನು ಮೊದಲ ಪಾಠಕ್ಕೆ ಹಾಕಿ ನೋಡಬಾರದೇಕೆ? ಆಹೇ ಕಾ, ಮಿಳೇಲ ಕಾ, ಹೋಈಲ ಕಾ. ಇವುಗಳಲ್ಲಿ ನೀನು, ನೀವು ಎಂಬ ತಂಟೆಯೇ ಇಲ್ಲ, ಹಾಗಾಗಿ ಏಕವಚನ ಜಾರುವ ಭಯವೂ ಇಲ್ಲ. ಆಜ್ಞೆಯ ರೂಪಗಳು ಹೇಗೂ ಬೀದಿಯಲ್ಲಿ ತಾವಾಗಿ ಬರುತ್ತವೆ.

ಕಾಕಾ ನಿವೃತ್ತರಾಗಿ ಕೆಲವು ವರ್ಷಗಳಾದವು. ಕೊನೆಯ ದಿನ ಅವರಿಗೆ ಶಾಲು ಹೊದಿಸುವಾಗ ನನ್ನ ಸರದಿ ಬಂದಾಗ, ‘ಪಾಠವಾ’ ಎಂದು ಮೆಲ್ಲಗೆ ಅಂದು ನಕ್ಕರು. ಮರೆತಿರಲಿಲ್ಲ.

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ, ಇಷ್ಟು ವರ್ಷದ ಅಭ್ಯಾಸಬಲದಿಂದ, ‘ಸ್ವಲ್ಪ ಎರಡು ಬಾಳೆಹಣ್ಣು ಕೊಡ್ತೀರಾ?’ ಅಂದೆ. ಅಂಗಡಿಯವರು ಗೊನೆಯಿಂದ ಹಣ್ಣು ಮುರಿಯುತ್ತ, ‘ಕೊಡದೆ ಇನ್ನೇನು ಮಾಡ್ಲಿ ಸಾರ್, ಅಂಗಡಿ ಇಟ್ಟಿರೋದೇ ಅದಕ್ಕೆ’ ಅಂದರು.